ಡ್ರಾಫ್ಟ್ ದಾರಿ ತಪ್ಪಿದಾಗ ಬ್ರೀಫ್‌ನಲ್ಲಿ ದೋಷ ಹುಡುಕುವ ಬಗೆ

ಫ್ರೀಲಾನ್ಸ್ ಬರಹಗಾರರಿಂದ ಡ್ರಾಫ್ಟ್ ಬಂದಿದೆ. ಭಾಷೆ ಚೊಕ್ಕವಾಗಿದೆ, ಕೇಳಿದಷ್ಟು ಉದ್ದವಿದೆ, ಹೇಳಿದ ದಿನಕ್ಕೇ ಕೈಸೇರಿದೆ. ಆದರೂ ಓದಿ ಮುಗಿಸುವಾಗ, ನಮಗೆ ಬೇಕಿದ್ದ ಲೇಖನ ಇದಲ್ಲ ಅನ್ನಿಸುತ್ತದೆ. ತಪ್ಪು ಇಲ್ಲೇ ಇದೆ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇಂಥ ಹೊತ್ತಲ್ಲಿ ಸಂಪಾದಕರು ಸಾಮಾನ್ಯವಾಗಿ ಡ್ರಾಫ್ಟಿನ ಅಂಚಿನಲ್ಲಿ ಟಿಪ್ಪಣಿ ಬರೆಯತೊಡಗುತ್ತಾರೆ: "ಇನ್ನಷ್ಟು ಆಳ ಬೇಕು", "ಓದುಗರಿಗೆ ಹತ್ತಿರವಾಗಲಿ", "ಇದು ಎಲ್ಲೆಡೆ ಸಿಗುವ ಮಾಹಿತಿ". ಎರಡನೇ ಡ್ರಾಫ್ಟ್ ಬರುತ್ತದೆ. ವಾಕ್ಯಗಳು ಬದಲಾಗಿರುತ್ತವೆ, ಲೇಖನ ಮಾತ್ರ ಅದೇ ಆಗಿರುತ್ತದೆ.

ಎರಡನೇ ಡ್ರಾಫ್ಟ್ ಕೇಳುವ ಮೊದಲು ಮಾಡಬೇಕಾದ ತಪಾಸಣೆ ಈ ಕೈಪಿಡಿಯ ವಿಷಯ. ಡ್ರಾಫ್ಟನ್ನು ಬದಿಗಿಟ್ಟು, ಲೇಖನ ಹೇಗಿರಬೇಕೆಂದು ನಾವು ಬರೆದು ಕಳಿಸಿದ ಬ್ರೀಫನ್ನು ಕೈಗೆತ್ತಿಕೊಂಡು, ಅದರ ನಾಲ್ಕು ಭಾಗಗಳಲ್ಲಿ (ಓದುಗರು, ಆ್ಯಂಗಲ್, ಕೀವರ್ಡ್, ಮೂಲಗಳು) ಯಾವುದು ಕೆಟ್ಟಿದೆ ಎಂದು ಪತ್ತೆ ಹಚ್ಚಬೇಕು. ಡ್ರಾಫ್ಟಿನ ದೋಷಕ್ಕೂ ಬ್ರೀಫಿನ ದೋಷಕ್ಕೂ ನೇರ ಸಂಬಂಧವಿದೆ. ಬ್ರೀಫಿನಲ್ಲಿ ಒಂದು ಜಾಗ ಖಾಲಿಯಿದ್ದರೆ ಬರಹಗಾರರು ಅದನ್ನು ಖಾಲಿ ಬಿಡುವುದಿಲ್ಲ. ಅದೇ ಬ್ರೀಫಿನಲ್ಲಿ ಗಟ್ಟಿಯಾಗಿ ಹೇಳಿರುವ ಬೇರೊಂದು ಮಾತನ್ನು ಆಧಾರವಾಗಿಟ್ಟುಕೊಂಡು ಆ ಜಾಗ ತುಂಬುತ್ತಾರೆ. ಆದ್ದರಿಂದ ಡ್ರಾಫ್ಟ್ ಎಲ್ಲಿ ವಾಲಿದೆ ಎಂದು ನೋಡಿದರೆ, ಬ್ರೀಫಿನಲ್ಲಿ ಎಲ್ಲಿ ಟೊಳ್ಳಿದೆ ಎಂದು ತಿಳಿಯುತ್ತದೆ.

ಮೊದಲು ತಿಳಿಯಬೇಕಾದದ್ದು: ದೋಷ ಬ್ರೀಫಿನದೋ ಬರವಣಿಗೆಯದೋ

ಇದಕ್ಕೆ ಎರಡು ಪರೀಕ್ಷೆ ಸಾಕು. ಮೊದಲನೆಯದು, ಡ್ರಾಫ್ಟಿನ ಬಗ್ಗೆ ನಿಮ್ಮ ದೊಡ್ಡ ತಕರಾರನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಆಮೇಲೆ ಬ್ರೀಫ್ ತೆರೆದು, ಡ್ರಾಫ್ಟ್ ಮೀರಿರುವ ಸಾಲು ಯಾವುದೆಂದು ಹುಡುಕಿ. "ಆರಂಭಿಕರಿಗೆ ಹೇಳುವ ಮಾತೇ ತುಂಬಿಕೊಂಡಿದೆ" ಎಂಬುದು ತಕರಾರಾದರೆ, "ಇದು ಆರಂಭಿಕರಿಗಲ್ಲ, ಇಷ್ಟಿಷ್ಟು ಈಗಾಗಲೇ ಗೊತ್ತಿರುವವರಿಗೆ" ಎಂಬ ಸಾಲು ಬ್ರೀಫಿನಲ್ಲಿ ಇರಬೇಕು. ಇದ್ದರೆ ಬರಹಗಾರರು ಅದನ್ನು ಗಮನಿಸಿಲ್ಲ. ಇಲ್ಲದಿದ್ದರೆ ನಾವು ಹೇಳದ್ದನ್ನು ಅವರು ಮೀರಿದ್ದಾರೆ ಎನ್ನಲು ಬರುವುದಿಲ್ಲ. ಫೋನಿನಲ್ಲಿ ಹೇಳಿದ್ದೆವು, ಹಿಂದಿನ ಲೇಖನದಿಂದ ತಿಳಿಯಬೇಕಿತ್ತು ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರಕೂಡದು.

ಎರಡನೆಯ ಪರೀಕ್ಷೆಗೆ, ಈ ಲೇಖನದ ಬಗ್ಗೆ ಏನೂ ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರು ಬೇಕು. ಬ್ರೀಫನ್ನಷ್ಟೇ ಅವರ ಕೈಗೆ ಕೊಟ್ಟು, ಹತ್ತು ನಿಮಿಷದಲ್ಲಿ ಉಪಶೀರ್ಷಿಕೆಗಳ ಹಂದರ ಬರೆದುಕೊಡಲು ಕೇಳಿ. ನೀವು ಏನನ್ನೂ ವಿವರಿಸಬೇಡಿ, ಅವರು ಪ್ರಶ್ನೆ ಕೇಳಿದರೆ ಉತ್ತರಿಸದೆ ಅದನ್ನು ಬರೆದಿಟ್ಟುಕೊಳ್ಳಿ. ಅವರ ಹಂದರವೂ ಬಂದಿರುವ ಡ್ರಾಫ್ಟಿನಂತೆಯೇ ಇದ್ದರೆ ದೋಷ ಬ್ರೀಫಿನಲ್ಲಿದೆ. ಅವರ ಹಂದರ ನಿಮಗೆ ಬೇಕಾದಂತೆಯೇ ಇದ್ದರೆ ಈ ಕೈಪಿಡಿ ಬೇಡ, ಬರಹಗಾರರೊಂದಿಗೆ ಒಂದು ನೇರ ಮಾತುಕತೆ ಸಾಕು. ಸಹೋದ್ಯೋಗಿ ಕೇಳಿದ ಪ್ರಶ್ನೆಗಳನ್ನು ಎಸೆಯಬೇಡಿ. ಬರಹಗಾರರಿಗೂ ಅವೇ ಪ್ರಶ್ನೆಗಳು ಬಂದಿರುತ್ತವೆ. ಹೊಸ ಸಂಪಾದಕರನ್ನು ಕೇಳಿ ಕಿರಿಕಿರಿ ಮಾಡಬಾರದೆಂದು ಅವರು ಕೇಳದೆ ಬಿಟ್ಟಿರಬಹುದು.

ಒಂದು ಪ್ರಕರಣ

ಮುಂದಿನ ಹಂತಗಳನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ವಿಷಯ, ಛಾಯಾಗ್ರಾಹಕರು ತಮ್ಮ ಫೋಟೋ ಫೈಲುಗಳ ಬ್ಯಾಕಪ್ ಇಟ್ಟುಕೊಳ್ಳುವುದು. ಬರಹಗಾರರಿಗೆ ಹೋದ ಬ್ರೀಫ್ ಹೀಗಿತ್ತು ಎಂದುಕೊಳ್ಳಿ:

> ವಿಷಯ: ಛಾಯಾಗ್ರಾಹಕರಿಗೆ ಫೋಟೋ ಬ್ಯಾಕಪ್
> ಓದುಗರು: 25ರಿಂದ 45 ವರ್ಷದ ಛಾಯಾಗ್ರಾಹಕರು, ಹವ್ಯಾಸಿಗಳು ಮತ್ತು ವೃತ್ತಿಪರರು
> ಆ್ಯಂಗಲ್: ಬ್ಯಾಕಪ್‌ನ ಮಹತ್ವ, ವಿಧಾನಗಳು, ಸಲಹೆಗಳು
> ಕೀವರ್ಡ್ (ಪ್ರತಿಯೊಂದೂ ಹೀಗೆಯೇ ಕನಿಷ್ಠ 3 ಸಲ ಬರಬೇಕು): ಫೋಟೋ ಬ್ಯಾಕಪ್ ಮಾಡುವುದು ಹೇಗೆ, ಉತ್ತಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಉಚಿತ ಕ್ಲೌಡ್ ಸ್ಟೋರೇಜ್, ಡಿಲೀಟ್ ಆದ ಫೋಟೋ ರಿಕವರಿ
> ಮೂಲಗಳು: ನಂಬಿಕಾರ್ಹ ಮೂಲಗಳನ್ನು ಬಳಸಿ, ಅಂಕಿಅಂಶ ಸೇರಿಸಿ
> ಉದ್ದ: 1500 ಪದ

ಬಂದ ಡ್ರಾಫ್ಟಿನ ಉಪಶೀರ್ಷಿಕೆಗಳು ಇವು: ಬ್ಯಾಕಪ್ ಎಂದರೇನು; ಬ್ಯಾಕಪ್ ಏಕೆ ಮುಖ್ಯ; ಫೋಟೋ ಬ್ಯಾಕಪ್ ಮಾಡುವುದು ಹೇಗೆ; ಉತ್ತಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಆಯ್ಕೆ; ಉಚಿತ ಕ್ಲೌಡ್ ಸ್ಟೋರೇಜ್ ಸೇವೆಗಳು; ಡಿಲೀಟ್ ಆದ ಫೋಟೋ ರಿಕವರಿ; ಕೊನೆಯ ಮಾತು. ಸಂಪಾದಕರ ಮನಸ್ಸಿನಲ್ಲಿದ್ದದ್ದು ಬೇರೆ. ಒಬ್ಬರೇ ಕೆಲಸ ಮಾಡುವ, ಗ್ರಾಹಕರಿಗೆ ಫೋಟೋ ಒಪ್ಪಿಸಬೇಕಾದ ವೃತ್ತಿಪರರು ಅವರ ಕಣ್ಣಮುಂದಿದ್ದರು. ಇವರು ಈಗಾಗಲೇ ಎರಡು ಪ್ರತಿ ಇಟ್ಟುಕೊಂಡಿರುತ್ತಾರೆ. ಆದರೆ ಎರಡೂ ಒಂದೇ ಮೇಜಿನ ಮೇಲಿರುತ್ತವೆ. ಲೇಖನ ಆ ಒಂದು ಕೊರತೆಯ ಬಗ್ಗೆ ಇರಬೇಕಿತ್ತು. ಬ್ರೀಫನ್ನು ಎಷ್ಟು ಸಲ ಓದಿದರೂ ಈ ಮಾತು ಅಲ್ಲಿ ಸಿಗುವುದಿಲ್ಲ. ಎರಡೂ ಪರೀಕ್ಷೆಗಳಲ್ಲಿ ಬ್ರೀಫ್ ಸೋಲುತ್ತದೆ.

ಈಗ ಒಂದೊಂದೇ ಭಾಗ ತಪಾಸಣೆ ಮಾಡೋಣ. ಬ್ರೀಫಿನಲ್ಲಿ ಓದುಗರು ಮೇಲೆ, ಮೂಲಗಳು ಕೆಳಗೆ ಇರುತ್ತವೆ, ಆದರೆ ನಾನು ಪತ್ತೆ ಕೆಲಸವನ್ನು ಯಾವಾಗಲೂ ಕೀವರ್ಡ್‌ಗಳಿಂದ ಶುರುಮಾಡಲು ಹೇಳುತ್ತೇನೆ. ಬ್ರೀಫಿನ ಉಳಿದ ಸಾಲುಗಳೆಲ್ಲ ಸಡಿಲವಾಗಿದ್ದಾಗ ಎಣಿಸಿ ಪರಿಶೀಲಿಸಬಹುದಾದ ಸಾಲು ಅದೊಂದೇ. ಬರಹಗಾರರು ಮೊದಲು ಹಿಡಿದುಕೊಳ್ಳುವುದೂ ಅದನ್ನೇ.

ಲಕ್ಷಣ: ಉಪಶೀರ್ಷಿಕೆಗಳು ಕೀವರ್ಡ್ ಪಟ್ಟಿಯಂತೆ ಕಾಣುತ್ತವೆ

ಡ್ರಾಫ್ಟಿನ ಉಪಶೀರ್ಷಿಕೆಗಳನ್ನು ಒಂದು ಕಡೆ, ಬ್ರೀಫಿನ ಕೀವರ್ಡ್‌ಗಳನ್ನು ಇನ್ನೊಂದು ಕಡೆ ಬರೆದು ಗೆರೆ ಎಳೆಯಿರಿ. ನಮ್ಮ ಪ್ರಕರಣದಲ್ಲಿ ಏಳು ಉಪಶೀರ್ಷಿಕೆಗಳಲ್ಲಿ ನಾಲ್ಕು ಕೀವರ್ಡ್‌ಗಳೇ. ಉಳಿದವು ಯಾವ ಲೇಖನಕ್ಕಾದರೂ ಹೊಂದುವ ಪೀಠಿಕೆ ಮತ್ತು ಮುಕ್ತಾಯ. ಅಂದರೆ ಲೇಖನದ ಬೆನ್ನೆಲುಬನ್ನು ಕೀವರ್ಡ್ ಪಟ್ಟಿಯೇ ನಿರ್ಧರಿಸಿದೆ. ಆ ಪಟ್ಟಿಯನ್ನು ಮಾಡಿದ್ದು ಹುಡುಕಾಟದ ಪ್ರಮಾಣ ತೋರಿಸುವ ಒಂದು ಸಾಧನ. ಬ್ಯಾಕಪ್‌ಗೆ ಹತ್ತಿರದ ಪದಗಳನ್ನೆಲ್ಲ ಅದು ಒಟ್ಟು ಮಾಡಿ ಕೊಡುತ್ತದೆ. ಅವನ್ನು ಹುಡುಕುವವರು ಒಂದೇ ಜನವೇ ಎಂದು ಅದು ಹೇಳುವುದಿಲ್ಲ.

ಅಸಲು ದೋಷ ಇರುವುದು ಇಲ್ಲೇ. ಕಂಪ್ಯೂಟರ್ ವಿಜ್ಞಾನಿ ಆಂಡ್ರೇ ಬ್ರೋಡರ್ 2002ರಲ್ಲಿ ವೆಬ್ ಹುಡುಕಾಟಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಏನನ್ನಾದರೂ ತಿಳಿಯಲು, ಒಂದು ನಿರ್ದಿಷ್ಟ ತಾಣ ತಲುಪಲು, ಒಂದು ಕೆಲಸ ಮುಗಿಸಲು. ಆ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ನಮ್ಮ ಕೀವರ್ಡ್‌ಗಳಲ್ಲಿ ಮೂರನ್ನು ಆ ಕಣ್ಣಿನಿಂದ ನೋಡಿ. "ಫೋಟೋ ಬ್ಯಾಕಪ್ ಮಾಡುವುದು ಹೇಗೆ" ಎಂದು ಟೈಪ್ ಮಾಡುವವರಿಗೆ ವಿಧಾನ ತಿಳಿಯಬೇಕು. "ಉತ್ತಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್" ಎನ್ನುವವರು ಕೊಳ್ಳಲು ಹೊರಟಿದ್ದಾರೆ, ಅವರಿಗೆ ಹೋಲಿಕೆ ಬೇಕು. "ಡಿಲೀಟ್ ಆದ ಫೋಟೋ ರಿಕವರಿ" ಎನ್ನುವವರ ಫೋಟೋ ಆಗಲೇ ಹೋಗಿಬಿಟ್ಟಿದೆ. ಅವರಿಗೆ ಈ ಗಳಿಗೆಯಲ್ಲಿ ಬೇಕಾದ ಮೊದಲ ಮಾತು, ಆ ಕಾರ್ಡ್‌ಗೆ ಇನ್ನೇನನ್ನೂ ಬರೆಯಬೇಡಿ ಎಂಬುದು. ಬ್ಯಾಕಪ್‌ನ ಮಹತ್ವ ಕೇಳಲು ಅವರಿಗೆ ವ್ಯವಧಾನ ಇಲ್ಲ. ಮೂರು ಬೇರೆ ಬೇರೆ ಗಳಿಗೆಯ ಜನರನ್ನು ಒಂದೇ ಲೇಖನದಲ್ಲಿ ಕೂರಿಸಲು ಹೇಳಿದರೆ, ಎಷ್ಟು ಸಮರ್ಥ ಬರಹಗಾರರಾದರೂ ಮೂರು ಅರ್ಧ ಲೇಖನಗಳನ್ನು ಬರೆದು ಹೊಲಿದು ಕೊಡುತ್ತಾರೆ.

ಎರಡು ಕೀವರ್ಡ್‌ಗಳು ಒಂದೇ ಲೇಖನಕ್ಕೆ ಸೇರುತ್ತವೆಯೇ ಎಂದು ಊಹಿಸಬೇಕಿಲ್ಲ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹುಡುಕಿ, ಜಾಹೀರಾತು ಬಿಟ್ಟು ಮೊದಲ ಹತ್ತು ಫಲಿತಾಂಶಗಳನ್ನು ಹೋಲಿಸಿ. ನಾಲ್ಕೈದು ಪುಟಗಳು ಎರಡರಲ್ಲೂ ಕಂಡರೆ, ಸರ್ಚ್ ಎಂಜಿನ್ ಅವೆರಡನ್ನೂ ಒಂದೇ ಪ್ರಶ್ನೆಯಾಗಿ ಕಾಣುತ್ತಿದೆ, ಒಂದು ಲೇಖನ ಸಾಕು. ಒಂದೂ ಹೊಂದದಿದ್ದರೆ ಅವು ಎರಡು ಲೇಖನಗಳು. ಒಂದೆರಡು ಮಾತ್ರ ಹೊಂದಿದಾಗ ಸಂಖ್ಯೆಯನ್ನು ನೆಚ್ಚಿಕೊಳ್ಳಬೇಡಿ, ಆ ಪುಟಗಳನ್ನು ತೆರೆದು ಓದಿ ನಿರ್ಧರಿಸಿ. ಪುಟಗಳ ಸ್ವರೂಪವನ್ನೂ ಗಮನಿಸಬೇಕು. ಹತ್ತರಲ್ಲಿ ಎಂಟು ಮಾರಾಟದ ಪಟ್ಟಿಗಳಾಗಿದ್ದರೆ, ಅಲ್ಲಿ ವಿವರಣೆಯ ಲೇಖನ ಕಳಿಸಿ ಪ್ರಯೋಜನ ಕಡಿಮೆ. ಈ ಪರೀಕ್ಷೆಗೂ ಮಿತಿಯಿದೆ: ಫಲಿತಾಂಶಗಳು ಸ್ಥಳ ಮತ್ತು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಕನ್ನಡದಂಥ ಭಾಷೆಯಲ್ಲಿ ಒಳ್ಳೆಯ ಪುಟಗಳೇ ಕಡಿಮೆಯಿರುವ ವಿಷಯಗಳಿಗೆ, ಬೇರೆ ದಾರಿಯಿಲ್ಲದೆ ಅದೇ ಪುಟಗಳು ಎಲ್ಲ ಹುಡುಕಾಟದಲ್ಲೂ ಕಾಣಬಹುದು. ಆಗ ಹೋಲಿಕೆಯ ಸಂಖ್ಯೆಯಿಂದ ಏನೂ ಸಾಬೀತಾಗುವುದಿಲ್ಲ, ಹುಡುಕುವ ವ್ಯಕ್ತಿಗೆ ಆ ಗಳಿಗೆಯಲ್ಲಿ ಏನು ಬೇಕು ಎಂದು ನಾವೇ ಕೂತು ಯೋಚಿಸಬೇಕು.

ಇನ್ನೊಂದು ದೋಷ "ಹೀಗೆಯೇ 3 ಸಲ ಬರಬೇಕು" ಎಂಬ ಸೂಚನೆಯಲ್ಲಿದೆ. ಕನ್ನಡ ವಾಕ್ಯದಲ್ಲಿ ನಾಮಪದ ಬಹಳ ಸಲ ವಿಭಕ್ತಿ ಪ್ರತ್ಯಯ ಹಚ್ಚಿಕೊಂಡೇ ಬರುತ್ತದೆ. "ಉತ್ತಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್" ಹಾಗೆಯೇ ಬರಬೇಕೆಂದರೆ, "ನೀವು ಉತ್ತಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಖರೀದಿಸಲು ಬಯಸಿದರೆ ಉತ್ತಮ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬಗ್ಗೆ ತಿಳಿಯಿರಿ" ಎಂಬಂಥ ವಾಕ್ಯ ಹುಟ್ಟುತ್ತದೆ. ಡ್ರಾಫ್ಟಿನಲ್ಲಿ ಭಾಷೆ ಒಳ್ಳೆಯದಿದ್ದೂ ಅಲ್ಲಲ್ಲಿ ಮಾತ್ರ ಹೀಗೆ ಒಡೆದಿದ್ದರೆ, ಒಡೆದ ಜಾಗಗಳಲ್ಲೆಲ್ಲ ಕೀವರ್ಡ್ ಇದೆಯೇ ಎಂದು ನೋಡಿ. ಇದ್ದರೆ ಬರಹಗಾರರ ಭಾಷೆಯನ್ನು ದೂರಬೇಡಿ, ಬ್ರೀಫಿನ ಆ ಸಾಲನ್ನು ಅಳಿಸಿ. ಗೂಗಲ್ ತನ್ನ ಸ್ಪ್ಯಾಮ್ ನೀತಿಯಲ್ಲಿ ಕೀವರ್ಡ್‌ಗಳನ್ನು ತುರುಕುವುದನ್ನು ಹೆಸರಿಸಿಯೇ ಸೇರಿಸಿದೆ. ತನಗೆ ಇಷ್ಟವಾದ ಪದಸಂಖ್ಯೆ ಎಂಬುದೊಂದಿಲ್ಲ ಎಂದೂ ಬರಹಗಾರರಿಗೆ ಕೊಟ್ಟ ಮಾರ್ಗದರ್ಶನದಲ್ಲಿ ಹೇಳಿದೆ. ಎಣಿಕೆಯ ಸೂಚನೆಗಳಿಂದ ಲಾಭವಿಲ್ಲ, ವಾಕ್ಯಗಳಿಗೆ ಮಾತ್ರ ಪೆಟ್ಟು.

ದುರಸ್ತಿ ಹೀಗೆ. ಮುಖ್ಯ ಕೀವರ್ಡ್ ಒಂದೇ ಇರಲಿ. ಅದರ ಪಕ್ಕದಲ್ಲಿ, ಅದನ್ನು ಹುಡುಕುವವರಿಗೆ ಬೇಕಾದ ಉತ್ತರವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಜೊತೆಗೆ ಅದೇ ಪ್ರಶ್ನೆಯ ಬೇರೆ ರೂಪಗಳನ್ನು ಮೂರೋ ನಾಲ್ಕೋ ಕೊಟ್ಟು, "ಸಹಜವಾಗಿ ಬಂದರೆ ಬರಲಿ, ಪ್ರತ್ಯಯ ಸೇರಿದರೂ ಸರಿ, ಉಪಶೀರ್ಷಿಕೆ ಆಗಬೇಕಿಲ್ಲ" ಎಂದು ಸ್ಪಷ್ಟವಾಗಿ ಹೇಳಿ. ತೆಗೆದುಹಾಕಿದ ಕೀವರ್ಡ್‌ಗಳನ್ನೂ ಬ್ರೀಫಿನಲ್ಲಿ ಹೆಸರಿಸಿ: "ಡಿಸ್ಕ್ ಖರೀದಿ, ರಿಕವರಿ ಈ ಲೇಖನದಲ್ಲಿ ಬೇಡ, ಅವು ಬೇರೆ ಲೇಖನಗಳು." ಬೇಡವಾದದ್ದನ್ನು ಹೇಳುವ ಈ ಒಂದು ಸಾಲು, ಬೇಕಾದದ್ದನ್ನು ಹೇಳುವ ಹತ್ತು ಸಾಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಯಾವುದನ್ನೂ ಬಿಡಲು ಧೈರ್ಯವಿಲ್ಲದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸೇರಿಸುವುದು ಫ್ರೀಲಾನ್ಸ್ ಬರಹಗಾರರ ಸಹಜ ಎಚ್ಚರಿಕೆ. ಬಿಟ್ಟದ್ದಕ್ಕೆ ಬೈಗುಳ ಬೀಳಬಹುದು, ಸೇರಿಸಿದ್ದಕ್ಕೆ ಬೀಳುವುದಿಲ್ಲ ಎಂದು ಅವರಿಗೆ ಅನುಭವ ಕಲಿಸಿರುತ್ತದೆ.

ಲಕ್ಷಣ: ಎಲ್ಲ ಸರಿಯಿದೆ, ಆದರೆ ಈ ಲೇಖನ ಮೊದಲೇ ಓದಿದಂತಿದೆ

ಇದು ಆ್ಯಂಗಲ್‌ನ ದೋಷ. ನಮ್ಮ ಬ್ರೀಫಿನ ಆ್ಯಂಗಲ್ ಸಾಲಿನಲ್ಲಿ "ಮಹತ್ವ, ವಿಧಾನಗಳು, ಸಲಹೆಗಳು" ಎಂದಿದೆ. ಇವು ಪರಿವಿಡಿಯ ಹೆಸರುಗಳು. ಬ್ಯಾಕಪ್ ತೆಗೆದು ಅಲ್ಲಿ ಬೇರೆ ಯಾವ ವಿಷಯ ಕೂರಿಸಿದರೂ ಸಾಲು ಹಾಗೆಯೇ ನಿಲ್ಲುತ್ತದೆ. ಪತ್ತೆಗೆ ಒಂದೇ ಪ್ರಶ್ನೆ ಸಾಕು: ಈ ಸಾಲನ್ನು ಒಪ್ಪದೆ ವಾದ ಮಾಡುವ ತಿಳಿವಳಿಕಸ್ಥರು ಒಬ್ಬರಾದರೂ ಇರಬಹುದೇ? "ಬ್ಯಾಕಪ್ ಮುಖ್ಯ" ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಹಾಗಾಗಿ ಅದನ್ನು ಹಿಡಿದು ಬರೆದ ಲೇಖನ ಯಾರಿಗೂ ಏನನ್ನೂ ಹೊಸದಾಗಿ ಹೇಳಲಾರದು. "ಎರಡು ಡಿಸ್ಕ್‌ನಲ್ಲಿ ಪ್ರತಿಯಿದ್ದರೂ, ಎರಡೂ ಒಂದೇ ಕೋಣೆಯಲ್ಲಿರುವ ತನಕ ನಿಮ್ಮ ಕೆಲಸ ಸುರಕ್ಷಿತವಲ್ಲ, ಮೊದಲು ಸರಿಪಡಿಸಬೇಕಾದದ್ದು ಒಂದು ಪ್ರತಿಯ ಜಾಗ" ಎಂದು ಬರೆಯಿರಿ. ಇದಕ್ಕೆ ಎದುರು ವಾದವಿದೆ. ಒಳ್ಳೆಯ ಡಿಸ್ಕ್ ಕೊಂಡರೆ ಸಾಲದೇ, ಒಂದು ಡಿಸ್ಕ್ ಕೆಟ್ಟರೂ ಫೈಲು ಉಳಿಯುವಂತೆ ಹಲವು ಡಿಸ್ಕ್ ಜೋಡಿಸುವ ರೇಡ್ ಇದೆಯಲ್ಲ, ಕ್ಲೌಡ್‌ಗೆ ಸಿಂಕ್ ಆಗುತ್ತಿದೆಯಲ್ಲ ಎನ್ನುವವರಿದ್ದಾರೆ. ಲೇಖನಕ್ಕೆ ಉತ್ತರಿಸಲು ಏನೋ ಸಿಕ್ಕಿತು. ರೇಡ್ ಎಂಬುದು ಡಿಸ್ಕ್ ಕೆಡುವುದರಿಂದ ಕಾಯುತ್ತದೆಯೇ ಹೊರತು ತಪ್ಪಿ ಅಳಿಸಿದ ಫೋಲ್ಡರಿನಿಂದ ಕಾಯುವುದಿಲ್ಲ ಎಂಬುದೂ, ಸಿಂಕ್ ವ್ಯವಸ್ಥೆ ಒಂದು ಕಡೆ ಅಳಿಸಿದ್ದನ್ನು ಇನ್ನೊಂದು ಕಡೆಯೂ ಅಳಿಸುತ್ತದೆ ಎಂಬುದೂ ತಾವಾಗಿಯೇ ಲೇಖನದೊಳಗೆ ಬರುತ್ತವೆ. ಆ್ಯಂಗಲ್ ಸರಿಯಿದ್ದಾಗ ಉಪಶೀರ್ಷಿಕೆಗಳು ಅದರ ವಾದದಿಂದಲೇ ಹುಟ್ಟುತ್ತವೆ, ಕೀವರ್ಡ್ ಪಟ್ಟಿಯ ಆಸರೆ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ: ವಾದಕ್ಕೆ ಎಡೆಯಿರಬೇಕು ಎಂಬುದನ್ನು ಹಿಡಿದು ಸತ್ಯವಲ್ಲದ, ಗದ್ದಲ ಎಬ್ಬಿಸುವ ಸಾಲನ್ನು ಕಟ್ಟಬೇಡಿ. "ಕ್ಲೌಡ್ ನಂಬಲೇಬೇಡಿ" ಎಂಬುದಕ್ಕೂ ಎದುರು ವಾದವಿದೆ, ಆದರೆ ಅದನ್ನು ಮೂಲಗಳು ಬೆಂಬಲಿಸುವುದಿಲ್ಲ. ಬರಹಗಾರರು ಅದಕ್ಕೆ ಆಧಾರ ಹುಡುಕಲು ಹೋಗಿ ಕೊನೆಗೆ ಯಾವುದೋ ದುರ್ಬಲ ಮೂಲಕ್ಕೆ ಜೋತುಬೀಳುತ್ತಾರೆ.

ಲಕ್ಷಣ: ಓದುಗರಿಗೆ ಗೊತ್ತಿರುವುದನ್ನೇ ಹೇಳುತ್ತದೆ

ಡ್ರಾಫ್ಟ್ ಮೇಲೆ ಪೆನ್ಸಿಲ್ ಹಿಡಿದು, ನಿಮ್ಮ ಮನಸ್ಸಿನ ಓದುಗರಿಗೆ ಈಗಾಗಲೇ ಗೊತ್ತಿರುವ ಪ್ರತಿಯೊಂದು ವಾಕ್ಯಕ್ಕೂ ಅಡಿಗೆರೆ ಎಳೆಯಿರಿ. ಮೊದಲ ಮೂರನೇ ಒಂದು ಭಾಗ ಪೂರ್ತಿ ಗೆರೆಯಾದರೆ ದೋಷ ಓದುಗರ ಸಾಲಿನಲ್ಲಿದೆ. ವಯಸ್ಸು, ವೃತ್ತಿ, ಊರು ಇಂಥ ವಿವರಗಳು ಜಾಹೀರಾತು ಹಾಕುವವರಿಗೆ ಬೇಕು. ಬರಹಗಾರರಿಗೆ ಅವು ಎಲ್ಲಿಂದ ಶುರುಮಾಡಬೇಕೆಂದು ಹೇಳುವುದಿಲ್ಲ. "ಹವ್ಯಾಸಿಗಳು ಮತ್ತು ವೃತ್ತಿಪರರು" ಎಂದಾಗ ಬರಹಗಾರರು ಕಡಿಮೆ ತಿಳಿದವರನ್ನು ಆರಿಸಿಕೊಳ್ಳುತ್ತಾರೆ, ಯಾಕೆಂದರೆ ಅದು ಅವರಿಗೆ ಸುರಕ್ಷಿತ.

ಓದುಗರ ಸಾಲಿನಲ್ಲಿ ಮೂರು ಸಂಗತಿ ಇದ್ದರೆ ಸಾಕು: ಅವರಿಗೆ ಈಗಾಗಲೇ ಏನು ಗೊತ್ತು, ಯಾವುದನ್ನು ತಪ್ಪಾಗಿ ತಿಳಿದಿದ್ದಾರೆ, ಓದಿದ ಮೇಲೆ ಏನು ಮಾಡಬೇಕು. ಮಧ್ಯದ್ದನ್ನು ಹೆಚ್ಚಿನ ಬ್ರೀಫ್‌ಗಳು ಬಿಟ್ಟುಬಿಡುತ್ತವೆ, ನನ್ನ ಪ್ರಕಾರ ಮೂರರಲ್ಲಿ ಬೆಲೆಯುಳ್ಳದ್ದು ಅದೇ. ಅದನ್ನು ಕೂತಲ್ಲೇ ಕಲ್ಪಿಸಿಕೊಳ್ಳಲು ಬರುವುದಿಲ್ಲ. ಗ್ರಾಹಕ ಸೇವೆಗೆ ಬಂದ ಪ್ರಶ್ನೆಗಳನ್ನು, ಹಳೆಯ ಲೇಖನಗಳಿಗೆ ಓದುಗರು ಬರೆದ ಪತ್ರಗಳನ್ನು ತೆಗೆದು, ಅಲ್ಲಿನ ಒಂದೆರಡು ಮಾತನ್ನು ಅವರದೇ ನುಡಿಯಲ್ಲಿ ಬ್ರೀಫಿಗೆ ಹಾಕಿ. ಬರೆದವರ ಹೆಸರು, ಗುರುತು ಮಾತ್ರ ಬೇಡ.

ಲಕ್ಷಣ: ಅಂಕಿಅಂಶವಿದೆ, ಬೇರಿಲ್ಲ

ಬ್ರೀಫ್ "ಅಂಕಿಅಂಶ ಸೇರಿಸಿ" ಎಂದಿತ್ತು, ಬರಹಗಾರರು ಸೇರಿಸಿದ್ದಾರೆ. "ದತ್ತಾಂಶ ಕಳೆದುಕೊಂಡ ಸಣ್ಣ ಸಂಸ್ಥೆಗಳಲ್ಲಿ ಬಹುಪಾಲು ಆರು ತಿಂಗಳಲ್ಲಿ ಮುಚ್ಚಿಹೋಗುತ್ತವೆ" ಎಂಬ ಮಾತು ಶೇಕಡಾವಾರು ಸಮೇತ ಡ್ರಾಫ್ಟಿನಲ್ಲಿದೆ. ಕೊಂಡಿ ಕೊಟ್ಟಿದ್ದಾರೆ, ಅದು ಕೆಲಸವನ್ನೂ ಮಾಡುತ್ತದೆ. ಆದರೂ ದೋಷ ಇದೆ.

ಪತ್ತೆಗೆ ಕೊಂಡಿಯ ಹಿಂದೆ ಹೋಗಿ. ಬರಹಗಾರರು ಕೊಟ್ಟ ಪುಟದಲ್ಲಿ ಆ ಸಂಖ್ಯೆಗೆ ಇನ್ನೊಂದು ಪುಟದ ಕೊಂಡಿ ಇರುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಎಣಿಸಿದವರು ಯಾರು, ಯಾವ ವರ್ಷ, ಎಷ್ಟು ಮಂದಿಯನ್ನು, ಹೇಗೆ ಎಂಬ ಮೂರ್ನಾಲ್ಕು ಪ್ರಶ್ನೆಗೆ ಉತ್ತರ ಸಿಗುವ ಪುಟ ತಲುಪಿದರೆ ಅದು ಮೂಲ. ಹಾದಿ ಒಂದು ಮಾರಾಟದ ಕರಪತ್ರದಲ್ಲಿ ನಿಂತರೆ, ಅಥವಾ ಸುತ್ತಿ ಬಂದು ಮೊದಲ ಪುಟಕ್ಕೇ ಸೇರಿದರೆ, ಆ ಸಂಖ್ಯೆಯನ್ನು ತೆಗೆಯಿರಿ. ಬ್ಯಾಕಪ್ ಮಾರುವವರ ಬರಹಗಳಲ್ಲಿ ಇಂಥ ಬೇರಿಲ್ಲದ ಸಂಖ್ಯೆಗಳು ಹೇರಳ. ಬರಹಗಾರರ ಸಂಭಾವನೆಯಲ್ಲಿ ಈ ಹಾದಿ ನಡೆಯುವ ಸಮಯ ಸೇರಿರುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಹಾಗಾಗಿ ಮೂಲ ಹುಡುಕುವ ಅರ್ಧ ಕೆಲಸವನ್ನು ಬ್ರೀಫ್ ಬರೆಯುವವರೇ ಮಾಡಿಡುವುದು ನ್ಯಾಯ.

ಮೂಲಗಳ ಸಾಲನ್ನು ಸರಿಪಡಿಸುವಾಗ ಪ್ರತಿ ಮೂಲದ ಮುಂದೆ ಎರಡು ಸಂಗತಿ ಬರೆಯಿರಿ: ಇದು ಯಾವ ಮಾತಿಗೆ ಆಧಾರ, ಯಾವ ಮಾತಿಗೆ ಅಲ್ಲ. ನಮ್ಮ ಪ್ರಕರಣದಲ್ಲಿ ಮೊದಲ ಮೂಲ, ಬ್ಯಾಕ್‌ಬ್ಲೇಜ್ ಎಂಬ ಸಂಗ್ರಹಣಾ ಸಂಸ್ಥೆ ತನ್ನಲ್ಲಿರುವ ಹಾರ್ಡ್ ಡಿಸ್ಕ್‌ಗಳು ಕೆಡುವ ಪ್ರಮಾಣದ ಬಗ್ಗೆ 2013ರಿಂದ ಪ್ರಕಟಿಸುತ್ತ ಬಂದಿರುವ ವರದಿಗಳು. ಎಣಿಸಿದವರು, ಎಣಿಸಿದ ರೀತಿ, ಕಚ್ಚಾ ದತ್ತಾಂಶ ಎಲ್ಲವೂ ಅಲ್ಲಿ ತೆರೆದಿದೆ. ಯಾವ ಡಿಸ್ಕ್ ಆದರೂ ಒಂದು ದಿನ ಕೆಡಬಹುದು ಎಂಬುದಕ್ಕೆ ಅದು ಗಟ್ಟಿ ಆಧಾರ. ಆದರೆ ಆ ಡಿಸ್ಕ್‌ಗಳು ದತ್ತಾಂಶ ಕೇಂದ್ರದ ತಣ್ಣನೆಯ ಕಪಾಟಿನಲ್ಲಿ ಹಗಲೂ ರಾತ್ರಿ ಓಡುವಂಥವು. ಚೀಲದಲ್ಲಿ ಹಾಕಿ ಓಡಾಡುವ, ವಾರಕ್ಕೊಮ್ಮೆ ಲ್ಯಾಪ್‌ಟಾಪ್‌ಗೆ ಜೋಡಿಸುವ ಪೋರ್ಟಬಲ್ ಡಿಸ್ಕ್ ಇಷ್ಟೇ ಪ್ರಮಾಣದಲ್ಲಿ ಕೆಡುತ್ತದೆ ಎನ್ನಲು ಅದು ಆಧಾರವಲ್ಲ. ಇದನ್ನು ಬ್ರೀಫಿನಲ್ಲಿ ಬರೆಯದಿದ್ದರೆ ಬರಹಗಾರರು ಆ ಶೇಕಡಾವಾರನ್ನು ನೇರವಾಗಿ ಓದುಗರ ಡಿಸ್ಕ್‌ಗೆ ಅನ್ವಯಿಸಿಬಿಡುತ್ತಾರೆ. ಸಂಸ್ಥೆ ತಾನೂ ಬ್ಯಾಕಪ್ ಸೇವೆ ಮಾರುತ್ತದೆ ಎಂಬುದನ್ನು ಓದುಗರಿಗೆ ತಿಳಿಸಲು ಹೇಳುವುದೂ ಒಳ್ಳೆಯದು.

ಎರಡನೆಯದು 3-2-1 ನಿಯಮ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ಇದನ್ನು ಜನಪ್ರಿಯಗೊಳಿಸಿದ ಪೀಟರ್ ಕ್ರೋಗ್ ಸ್ವತಃ ಛಾಯಾಗ್ರಾಹಕರು. ಓದುಗರೂ ಅದೇ ವೃತ್ತಿಯವರು, ಹಾಗಾಗಿ ನಿಯಮ ಹುಟ್ಟಿದ್ದು ಅವರದೇ ಕಸುಬಿನ ಕಷ್ಟದಿಂದ ಎಂದು ಬರಹಗಾರರು ಹೇಳಬಹುದು. ಬರೀ "ತಜ್ಞರು ಹೇಳುವ ಪ್ರಕಾರ" ಎಂಬುದಕ್ಕಿಂತ ಈ ಮಾತಿಗೆ ತೂಕ ಹೆಚ್ಚು.

ಮೂರನೆಯದಾಗಿ, ಇಬ್ಬರು ವೃತ್ತಿಪರ ಛಾಯಾಗ್ರಾಹಕರೊಂದಿಗೆ ಮಾತಾಡಲು ಹೇಳಿ, ಕೇಳಬೇಕಾದ ಪ್ರಶ್ನೆಯನ್ನೂ ಕೊಡಿ: ಕಾರ್ಡನ್ನು ಯಾವ ಹಂತದಲ್ಲಿ ಫಾರ್ಮ್ಯಾಟ್ ಮಾಡುತ್ತೀರಿ, ಅಷ್ಟರಲ್ಲಿ ಎಷ್ಟು ಪ್ರತಿ ಆಗಿರುತ್ತವೆ, ಅವು ಎಲ್ಲಿರುತ್ತವೆ? ಪ್ರಶ್ನೆ ಇಷ್ಟು ನಿರ್ದಿಷ್ಟವಾಗಿದ್ದರೆ ಉತ್ತರವೂ ನಿರ್ದಿಷ್ಟವಾಗಿರುತ್ತದೆ. "ಬ್ಯಾಕಪ್ ಬಗ್ಗೆ ನಿಮ್ಮ ಅಭಿಪ್ರಾಯವೇನು" ಎಂದು ಕೇಳಿದರೆ ಸಿಗುವುದು ಅಭಿಪ್ರಾಯ ಮಾತ್ರ.

ದುರಸ್ತಿಯಾದ ಬ್ರೀಫ್

ಪತ್ತೆಯನ್ನು ಕೀವರ್ಡ್‌ನಿಂದ ಮಾಡಿದೆವು, ಆದರೆ ಮತ್ತೆ ಬರೆಯುವಾಗ ಓದುಗರಿಂದ ಶುರುಮಾಡಿ. ಓದುಗರ ತಪ್ಪು ತಿಳಿವಳಿಕೆಯಿಂದ ಆ್ಯಂಗಲ್ ಹುಟ್ಟುತ್ತದೆ, ಆ್ಯಂಗಲ್‌ಗೆ ಹೊಂದುವ ಕೀವರ್ಡ್ ಮಾತ್ರ ಉಳಿಯುತ್ತದೆ, ಆ್ಯಂಗಲ್ ಸಾಬೀತು ಮಾಡಲು ಬೇಕಾದ ಮೂಲಗಳನ್ನು ಕೊನೆಗೆ ಸೇರಿಸುತ್ತೇವೆ.

> ಓದುಗರು: ಒಬ್ಬರೇ ಕೆಲಸ ಮಾಡುವ ವೃತ್ತಿಪರ ಛಾಯಾಗ್ರಾಹಕರು. ಕಾರ್ಡ್‌ನಿಂದ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ಒಂದು ಡಿಸ್ಕ್‌ಗೆ ನಕಲು ಮಾಡುವ ಅಭ್ಯಾಸ ಇದೆ. ಬ್ಯಾಕಪ್ ಎಂದರೇನೆಂದು ವಿವರಿಸಬೇಡಿ. ಸಿಂಕ್ ಮತ್ತು ಬ್ಯಾಕಪ್ ಒಂದೇ ಎಂದು ತಿಳಿದಿದ್ದಾರೆ. ಓದಿದ ಮೇಲೆ ಮೂರನೇ ಪ್ರತಿ ಎಲ್ಲಿಡಬೇಕೆಂದು ನಿರ್ಧರಿಸಬೇಕು.
> ಆ್ಯಂಗಲ್: ಎರಡು ಪ್ರತಿ ಒಂದೇ ಕೋಣೆಯಲ್ಲಿದ್ದರೆ ಅದು ಸುರಕ್ಷಿತವಲ್ಲ, ಹೊಸ ಡಿಸ್ಕ್‌ಗಿಂತ ಮೊದಲು ಬೇಕಾದದ್ದು ಬೇರೆ ಜಾಗ.
> ಮುಖ್ಯ ಕೀವರ್ಡ್: ಫೋಟೋ ಬ್ಯಾಕಪ್ ಮಾಡುವುದು ಹೇಗೆ. ಹುಡುಕುವವರಿಗೆ ಬೇಕಾದದ್ದು ಹಂತಗಳು. ಪ್ರತ್ಯಯ ಸೇರಲಿ, ಎಣಿಕೆ ಬೇಡ.
> ಬೇಡ: ಡಿಸ್ಕ್ ಖರೀದಿ ಸಲಹೆ, ಉಚಿತ ಕ್ಲೌಡ್ ಪಟ್ಟಿ, ರಿಕವರಿ.
> ಮೂಲಗಳು: ಮೇಲೆ ಹೇಳಿದ ಮೂರು, ಅವುಗಳ ಮಿತಿ ಸಮೇತ. ಬೇರೆ ಸಂಖ್ಯೆ ಬಳಸಿದರೆ ಮೊದಲು ಎಣಿಸಿದವರ ಪುಟ ಕೊಡಿ.
> ಉದ್ದ: ಸುಮಾರು 1200 ಪದ, ವಿಷಯ ಮುಗಿದರೆ ಕಡಿಮೆಯಾದರೂ ಸರಿ.

ಇದು ಹಳೆಯ ಬ್ರೀಫಿಗಿಂತ ಉದ್ದವಾಗಿದೆ ನಿಜ, ಆದರೂ ಒಂದು ಪುಟದೊಳಗೇ ಇದೆ. ನಾಲ್ಕೈದು ಪುಟದ ಬ್ರೀಫ್ ಬೇರೊಂದು ದೋಷ ತರುತ್ತದೆ: ಬರಹಗಾರರು ಅದನ್ನೇ ವಿಸ್ತರಿಸಿ ಮರಳಿ ಕಳಿಸುತ್ತಾರೆ. ಡ್ರಾಫ್ಟಿನ ವಾಕ್ಯಗಳಲ್ಲಿ ನಿಮ್ಮದೇ ಪದಗಳು ಕಾಣತೊಡಗಿದರೆ ಬ್ರೀಫ್ ಅತಿಯಾಗಿದೆ ಎಂದರ್ಥ.

ದುರಸ್ತಿ ಆಗಿದೆಯೇ ಎಂದು ನೋಡುವುದು

ಹೊಸ ಬ್ರೀಫ್ ಕಳಿಸಿ ನೇರವಾಗಿ ಹೊಸ ಡ್ರಾಫ್ಟ್ ಕೇಳಬೇಡಿ. ಹಂದರ ಮಾತ್ರ ಕೇಳಿ: ಉಪಶೀರ್ಷಿಕೆಗಳು, ಪ್ರತಿಯೊಂದರ ಕೆಳಗೆ ಅಲ್ಲಿ ಹೇಳುವ ಮಾತು ಒಂದು ವಾಕ್ಯದಲ್ಲಿ, ಅದಕ್ಕೆ ಆಧಾರವಾಗುವ ಮೂಲ. ಹದಿನೈದು ಸಾಲು ಸಾಕು. ಅದನ್ನು ಓದುವಾಗ ಕೀವರ್ಡ್ ಉಪಶೀರ್ಷಿಕೆಯಾಗಿ ಮತ್ತೆ ಕುಳಿತಿದೆಯೇ, "ಎಂದರೇನು" ಎಂಬ ಭಾಗ ಮರಳಿ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಬ್ರೀಫಿನಲ್ಲಿ ಇನ್ನೂ ಒಂದು ಜಾಗ ಟೊಳ್ಳಿದೆ. ಆಗ ಆ ಒಂದು ಸಾಲನ್ನು ಮಾತ್ರ ಬದಲಿಸಿ ಮತ್ತೆ ಕೇಳಿ. ನಾಲ್ಕನ್ನೂ ಒಟ್ಟಿಗೆ ತಿದ್ದಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ಬ್ರೀಫಿನಲ್ಲಿ ಅದೇ ದೋಷ ಮರಳುತ್ತದೆ.

ಕೆಲವೊಮ್ಮೆ ನಾಲ್ಕೂ ಸಾಲು ಸರಿಯಿದ್ದು, ಹಂದರವೂ ಸರಿಯಿದ್ದು, ಡ್ರಾಫ್ಟ್ ಮಾತ್ರ ಹಳೆಯ ಹಾದಿ ಹಿಡಿದಿರುತ್ತದೆ. ಆಗ ಬ್ರೀಫಿನ ಜೊತೆ ಕಳಿಸಿದ ಮಾದರಿ ಲೇಖನವನ್ನು ತೆರೆದು ನೋಡಿ. "ಇದರ ಧಾಟಿಯಲ್ಲಿ ಬರಲಿ" ಎಂದು ಕಳಿಸಿದ ಹಳೆಯ ಲೇಖನ ಆರಂಭಿಕರಿಗೆ ಬರೆದದ್ದಾಗಿದ್ದರೆ, ಬರಹಗಾರರು ಬ್ರೀಫಿನ ಮಾತಿಗಿಂತ ಮಾದರಿಯನ್ನೇ ನಂಬುತ್ತಾರೆ. ಮಾದರಿಯಲ್ಲಿ ಯಾವುದನ್ನು ಅನುಸರಿಸಬೇಕು, ಯಾವುದನ್ನು ಬಿಡಬೇಕು ಎಂದು ಎರಡು ಸಾಲು ಬರೆಯದೆ ಮಾದರಿ ಕಳಿಸಬಾರದು. ಮಾದರಿಯಲ್ಲೂ ದೋಷವಿಲ್ಲದಿದ್ದರೆ, ಬ್ರೀಫ್ ಕಳಿಸಿದ ಮೇಲೆ ಬೇರೆ ಯಾರಾದರೂ ಬರಹಗಾರರಿಗೆ ಸಂದೇಶ ಕಳಿಸಿದ್ದಾರೆಯೇ ವಿಚಾರಿಸಿ. ಮಾರಾಟ ವಿಭಾಗದಿಂದ ಹೋದ "ಡಿಸ್ಕ್‌ಗಳ ಬಗ್ಗೆಯೂ ಸ್ವಲ್ಪ ಇರಲಿ" ಎಂಬ ಒಂದು ಸಾಲು ಸಾಕು, ಇಡೀ ಬ್ರೀಫ್ ನೆಲಕಚ್ಚಲು. ಬರಹಗಾರರಿಗೆ ಸೂಚನೆ ಹೋಗುವುದು ಒಬ್ಬರಿಂದ ಮಾತ್ರ, ಬದಲಾವಣೆ ಆದರೆ ಅದು ಅದೇ ಬ್ರೀಫಿನಲ್ಲಿ ತಾರೀಖು ಸಮೇತ ದಾಖಲಾಗಬೇಕು.

ತಪಾಸಣೆಯ ಕೊನೆಗೆ ದೋಷ ಬ್ರೀಫಿನದೇ ಎಂದು ಖಚಿತವಾದರೆ, ಬರಹಗಾರರಿಗೆ ಅದನ್ನು ನೇರವಾಗಿ ತಿಳಿಸಿ, ಮರುಬರವಣಿಗೆಗೆ ಬೇರೆಯಾಗಿ ಹಣ ಕೊಡಿ. ಒಪ್ಪಂದದಲ್ಲಿ "ಎರಡು ತಿದ್ದುಪಡಿ ಉಚಿತ" ಎಂದಿರಬಹುದು. ಆ ಮಾತು ಇರುವುದು ಬ್ರೀಫಿಗೆ ಹೊಂದದ ಡ್ರಾಫ್ಟನ್ನು ಸರಿಪಡಿಸಲು. ಬ್ರೀಫೇ ಬದಲಾದಾಗ ಅದು ಹೊಸ ಕೆಲಸ, ಅದಕ್ಕೆ ಹೊಸ ಗಡುವೂ ಹೊಸ ದರವೂ ಬೇಕು.